ಬಂಗಾರದ ಅಂಗಡಿಗೆ ಬ್ಲಾಕ್ ಪಾಲಿಸಿ: ಎರಡು ಕಂಪನಿ ನೋಡಿದ ಮೇಲೆ

ನನ್ನ ಮತ ಎರಡನೇ ಕಂಪನಿಯ ಪಾಲಿಸಿಗೆ. ಹಳೇ ಕಂಪನಿಯದ್ದಕ್ಕಿಂತ ವರ್ಷಕ್ಕೆ ಹನ್ನೊಂದು ಸಾವಿರ ರೂಪಾಯಿ ಜಾಸ್ತಿ ಹೋಗುತ್ತದೆ, ಆದರೂ ಅದಕ್ಕೇ.

ಬದಿಯಡ್ಕದಲ್ಲಿ ನಮ್ಮದು ಸಣ್ಣ ಅಂಗಡಿ. ಕೌಂಟರಿನಲ್ಲಿ ಆಗುವ ವ್ಯಾಪಾರಕ್ಕಿಂತ ಮನೆಗೆ ಒಯ್ದು ತೋರಿಸಿ ಆಗುವ ವ್ಯಾಪಾರವೇ ಹೆಚ್ಚು. ಆಟಿ ಕಳೆಯಿತು ಅಂದರೆ ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯ ಮದುವೆ ಮನೆಗಳಿಂದ ಫೋನ್ ಶುರು. "ಅಜ್ಜಿಗೆ ಅಂಗಡಿಗೆ ಬರ್ಲಿಕ್ಕೆ ಆಗುದಿಲ್ಲ, ನಾಲ್ಕು ನೆಕ್ಲೇಸು, ಬಳೆ ಎಲ್ಲ ತೆಕ್ಕೊಂಡು ಬನ್ನಿ." ಹಾಗಾಗಿ ನನಗೆ ವಿಮೆ ಬೇಕಾಗುವುದು ಅಂಗಡಿಯೊಳಗಿನ ಮಾಲಿಗಿಂತ ದಾರಿಯಲ್ಲಿರುವ ಮಾಲಿಗೆ.

ಅಂಗಡಿಗಳಿಗೆಂದು ಮಾರುವ ಸಾಮಾನ್ಯ ಪ್ಯಾಕೇಜ್ ಪಾಲಿಸಿಯನ್ನೂ ಒಮ್ಮೆ ನೋಡಿದ್ದೆ. ಅದು ಬೇಕರಿಗೆ ಸರಿ, ಬಂಗಾರಕ್ಕಲ್ಲ.

ಜ್ಯುವೆಲರ್ಸ್ ಬ್ಲಾಕ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ನಾಲ್ಕು ಭಾಗ. ಮೊದಲನೆಯದು ಅಂಗಡಿಯೊಳಗಿನ ಸ್ಟಾಕ್. ಎರಡನೆಯದು ಮಾಲೀಕ, ಪಾಲುದಾರ, ನೌಕರ ಇಂಥವರ ವಶದಲ್ಲಿ ಹೊರಗೆ ಹೋದ ಮಾಲು. ಮೂರನೆಯದು ಪಾರ್ಸೆಲ್‌ನಲ್ಲಿ ಕಳಿಸುವ ಮಾಲು, ನಾಲ್ಕನೆಯದು ಫರ್ನಿಚರ್. ನನ್ನ ಜಗಳ ಎಲ್ಲ ಎರಡನೇ ಭಾಗದ್ದು.

ಹಳೇ ಪಾಲಿಸಿ ಇದ್ದಾಗ ನಡೆದದ್ದು ಇದು. ನಮ್ಮಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬ ಗಿರಾಕಿಯ ಮನೆಯಿಂದ ವಾಪಸ್ ಬರುತ್ತಿದ್ದ. ಬೈಕಿನಲ್ಲಿ ಬಂದ ಇಬ್ಬರು ಅವನ ಬ್ಯಾಗ್ ಕಿತ್ತುಕೊಂಡು ಹೋದರು. ಒಂದು ಕಾಸುಮಾಲೆ, ಎರಡು ಜೊತೆ ಬಳೆ, ಸ್ವಲ್ಪ ಚಿಲ್ಲರೆ ಒಡವೆ. ಪೊಲೀಸ್ ದೂರು ಅದೇ ದಿನ ಆಯಿತು, ಕಂಪನಿಗೆ ಫೋನೂ ಆಯಿತು. ಸರ್ವೇಯರ್ ಬಂದವರು ಒಡವೆಯ ತೂಕ ಕೇಳುವ ಮೊದಲು ಕೇಳಿದ್ದು ಸಂಬಳದ ರಿಜಿಸ್ಟರ್. ಹುಡುಗನ ಹೆಸರು ಅದರಲ್ಲಿ ಇರಲಿಲ್ಲ, ಅವನಿಗೆ ಸಿಗುತ್ತಿದ್ದದ್ದು ಬಸ್ ಚಾರ್ಜು, ಊಟ, ಹಬ್ಬಕ್ಕೆ ಬಟ್ಟೆ. ಪಾಲಿಸಿಯಲ್ಲಿ ಇದ್ದದ್ದು "ನೌಕರ" ಅಂತ ಮಾತ್ರ. ಕಲಿಯುವವ ನೌಕರ ಅಲ್ಲ ಎಂದು ಕ್ಲೇಮ್ ತಳ್ಳಿಹಾಕಿದರು.

ಇದು ಸುಮ್ನೆ ತಕರಾರು ಅಂದುಕೊಂಡು ಕಾಸರಗೋಡಿನ ವಕೀಲರ ಹತ್ತಿರ ಹೋದೆ. ಅವರು 2009ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ತೆಗೆದು ಮುಂದಿಟ್ಟರು, ಅಭಿಲಾಷ್ ಜ್ಯುವೆಲ್ಲರಿ ಪ್ರಕರಣ. ಅಲ್ಲೂ ಬಂಗಾರ ಕಳೆದದ್ದು ಅಪ್ರೆಂಟಿಸ್ ಕೈಯಿಂದ. ಕೇರಳದ ಅಂಗಡಿ ಕಾನೂನಿನಲ್ಲಿ ಅಪ್ರೆಂಟಿಸ್ ಕೂಡ ನೌಕರನೇ. ಆದರೆ ಕೋರ್ಟ್ ಹೇಳಿದ್ದು, ಪಾಲಿಸಿ ಒಂದು ಕರಾರು, ಅದರಲ್ಲಿ ಬೇರೆ ವಿವರಣೆ ಇಲ್ಲದಿದ್ದರೆ ಜನ ಸಾಮಾನ್ಯವಾಗಿ ಯಾರನ್ನು ನೌಕರ ಅನ್ನುತ್ತಾರೋ ಅವನೇ ನೌಕರ. ಅಪ್ರೆಂಟಿಸ್ ಅದರೊಳಗೆ ಬರುವುದಿಲ್ಲ. ಅಲ್ಲಿಗೆ ನಾನು ಫೈಲು ಮಡಚಿದೆ. ಪಾಲಿಸಿ ಕೊಡುವಾಗ ಏಜೆಂಟ್ "ಅಂಗಡಿಯಲ್ಲಿ ಎಷ್ಟು ಜನ" ಅಂತ ಕೇಳಿದ್ದ, "ಯಾರು ಯಾರು" ಅಂತ ಕೇಳಿರಲಿಲ್ಲ.

ಎರಡನೇ ಕಂಪನಿಯವರು ಕೇಳಿದ್ದೇ ಅದನ್ನು. ಮಾಲು ಹೊರಗೆ ಒಯ್ಯುವವರ ಪಟ್ಟಿ ಕೊಡಿ ಅಂದರು. ನಾನು, ತಮ್ಮ, ಸಂಬಳದ ಇಬ್ಬರು, ಕಲಿಯುವ ಹುಡುಗ, ಐದೂ ಹೆಸರು ಪಾಲಿಸಿಗೆ ಸೇರಿಸುವ ಎಂಡಾರ್ಸ್‌ಮೆಂಟಿನಲ್ಲಿ ಬಂತು. ಹುಡುಗ ಬದಲಾದರೆ ಒಂದು ಈಮೇಲ್ ಹಾಕಿ ಹೆಸರು ಬದಲಿಸಬೇಕು, ಅಷ್ಟೇ. ಒಬ್ಬನ ಕೈಯಲ್ಲಿ ಹತ್ತು ಲಕ್ಷದವರೆಗೆ, ಅದಕ್ಕಿಂತ ಹೆಚ್ಚಿದ್ದರೆ ಇಬ್ಬರು ಹೋಗಬೇಕು. ಗಾಡಿಯಲ್ಲಿ ಬ್ಯಾಗ್ ಬಿಟ್ಟು ಯಾರೂ ಇಳಿಯುವಂತಿಲ್ಲ. ಹಳೇ ಪಾಲಿಸಿಯಲ್ಲಿ ಹೊರಗಿನ ಮಾಲಿಗೆ ಮಿತಿ ಐದು ಲಕ್ಷ ಇತ್ತು. ಈಗಿನ ದರಕ್ಕೆ ಅದರಲ್ಲಿ ಒಂದು ಮದುಮಗಳ ಸೆಟ್ ಕೂಡ ಹಿಡಿಯುವುದಿಲ್ಲ, ಅಲ್ವಾ?

ಹೊರಗೆ ಹೋಗುವ ಪ್ರತಿ ಒಡವೆಗೂ ಈಗ ಡೆಲಿವರಿ ಚಲನ್ ಬರೆಯುತ್ತೇವೆ. ತೂಕದ ಪಕ್ಕ ಹಾಲ್‌ಮಾರ್ಕಿನ ಆರು ಅಕ್ಷರದ ಎಚ್‌ಯುಐಡಿಯನ್ನೂ ಬರೆಯುತ್ತೇವೆ. ಕಳೆದದ್ದು ಯಾವ ಬಳೆ ಎಂದು ತೋರಿಸಲು ಇದಕ್ಕಿಂತ ಗಟ್ಟಿ ಪುರಾವೆ ನನಗೆ ಸಿಕ್ಕಿಲ್ಲ.

ಒಂದು ವಿಷಯದಲ್ಲಿ ಎರಡೂ ಪಾಲಿಸಿ ಒಂದೇ. ಗಿರಾಕಿಗೆ ವಹಿಸಿಕೊಟ್ಟ ಮಾಲನ್ನು ಆ ಗಿರಾಕಿಯೇ ನುಂಗಿದರೆ ದುಡ್ಡು ಇಲ್ಲ. ತೋರಿಸುವುದು ಬೇರೆ, ವಹಿಸಿಕೊಡುವುದು ಬೇರೆ. 2007ರಲ್ಲಿ ಈಶರ್ ದಾಸ್ ಮದನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನೇ ಹಿಡಿದು ಅಂಗಡಿಯವರ ಪರ ತೀರ್ಪು ಕೊಟ್ಟಿತು. ಗಿರಾಕಿ ಅನ್ನುವ ಕಾರಣಕ್ಕೆ ಮಾತ್ರ ಕ್ಲೇಮ್ ತಳ್ಳಲು ಬರುವುದಿಲ್ಲ, ಮಾಲನ್ನು ನಂಬಿ ಅವನ ಕೈಗೆ ಒಪ್ಪಿಸಿರಬೇಕು. ನಮ್ಮ ಕೆಲಸಕ್ಕೆ ಇದರ ಅರ್ಥ ಇಷ್ಟು: ನಮ್ಮವನು ಜಗಲಿಯಲ್ಲಿ ಕೂತಿದ್ದು, ಒಳಗೆ ಹೆಂಗಸರು ಬಳೆ ಹಾಕಿ ನೋಡುತ್ತಿದ್ದರೆ ಕ್ಲೇಮ್ ಕೇಳಲು ನಮಗೊಂದು ನೆಲೆ ಇರುತ್ತದೆ. "ಇವತ್ತು ಇರಲಿ, ನಾಳೆ ಮಾವ ಬಂದ ಮೇಲೆ ಹೇಳ್ತೇವೆ" ಅಂದಾಗ ಬಿಟ್ಟು ಬಂದರೆ ಆ ನೆಲೆ ಹೋಯಿತು.

ಸೇಫಿನ ಷರತ್ತು ಎರಡರಲ್ಲೂ ಬಿಗಿ. ಅಂಗಡಿ ಮುಚ್ಚಿದ ಮೇಲೆ ಸೇಫಿನ ಹೊರಗೆ ಇದ್ದದ್ದಕ್ಕೆ, ಶೋಕೇಸಿನಲ್ಲಿ ಉಳಿದ ಮೂಗುತಿಗೂ ಸಹ, ರಕ್ಷಣೆ ಇಲ್ಲ. ಕೀಲಿಕೈ ಹಾಕಿ ಸೇಫ್ ತೆರೆದು ಕದ್ದರೂ ಇಲ್ಲ, ಕೀಲಿಯನ್ನು ಹೊಡೆದು ಬಡಿದು ಅಥವಾ ಹೆದರಿಸಿ ಕಿತ್ತುಕೊಂಡಿದ್ದರೆ ಮಾತ್ರ ಉಂಟು. ಹಾಗಾಗಿ ಡೂಪ್ಲಿಕೇಟ್ ಕೀಲಿ ಮೇಜಿನ ಡ್ರಾಯರಿನಲ್ಲಿ ಇಡುವ ಅಭ್ಯಾಸ ಇದ್ದವರು ಯಾವ ಪಾಲಿಸಿ ಕೊಂಡರೂ ಒಂದೇ. ನಮ್ಮದು ಬ್ಯಾಂಕ್ ಲಾಕರಿನಲ್ಲಿದೆ.

ಸ್ಟಾಕಿನ ಬೆಲೆ ಕಟ್ಟುವುದರಲ್ಲಿ ಮಾತ್ರ ಎರಡನೇ ಪಾಲಿಸಿಯೂ ಸ್ವಲ್ಪ ತಲೆನೋವು. ಹಳೆಯದರಲ್ಲಿ ಕೊಂಡ ದರದ ಮೇಲೆ ಶೇಕಡಾ 10 ಸೇರಿಸಿ ಕೊಡುತ್ತಿದ್ದರು. ಪವನಿಗೆ 60,000ಕ್ಕೆ ಕೊಂಡದ್ದಕ್ಕೆ 66,000. ಪೇಟೆಯಲ್ಲಿ 90,000 ಆಗಿದ್ದರೆ ಅದು ನಿಮ್ಮ ಹಣೆಬರಹ. ಹೊಸದರಲ್ಲಿ ಕಳೆದ ದಿನದ ಚಿನ್ನದ ದರ ಸಿಗುತ್ತದೆ, ಮಜೂರಿ ಬಿಟ್ಟು. ಕೇಳಲಿಕ್ಕೆ ಚಂದ. ಆದರೆ ಆಗ ಸ್ಟಾಕನ್ನೂ ಆ ದಿನದ ದರದಲ್ಲೇ ಅಳೆಯುತ್ತಾರೆ. 90 ಲಕ್ಷಕ್ಕೆ ವಿಮೆ ಮಾಡಿ, ದರ ಏರಿ ಸ್ಟಾಕ್ 1 ಕೋಟಿ 20 ಲಕ್ಷ ಆಗಿದ್ದರೆ, ವಿಮೆ ಇರುವುದು ಮುಕ್ಕಾಲು ಭಾಗಕ್ಕೆ ಮಾತ್ರ. ಹನ್ನೆರಡು ಲಕ್ಷದ ಮಾಲು ಹೋದರೆ ಸಿಗುವುದು ಒಂಬತ್ತು ಲಕ್ಷ. ಒಂದು ಹರಳೂ ಹೊಸದಾಗಿ ತರದೆ ಈ ಸ್ಥಿತಿ ಬರಬಹುದು. ಅದಕ್ಕೆ ದರ ಜೋರಾಗಿ ಏರಿದಾಗಲೆಲ್ಲ ಸ್ಟಾಕ್ ಬುಕ್ ತೆಗೆದು, ವರ್ಷದ ನಡುವೆಯೇ ವಿಮೆಯ ಮೊತ್ತ ಏರಿಸಿಕೊಳ್ಳುತ್ತೇನೆ. ಉಳಿದ ತಿಂಗಳುಗಳ ಪ್ರೀಮಿಯಂ ಮಾತ್ರ ಕಟ್ಟಿದರಾಯಿತು.

ನಮ್ಮವರೇ ಮೋಸ ಮಾಡಿದರೆ ಎರಡೂ ಪಾಲಿಸಿ ಕೈ ತೊಳೆದುಕೊಳ್ಳುತ್ತವೆ. ಅದಕ್ಕೆ ಬೇರೆ ಫಿಡೆಲಿಟಿ ಪಾಲಿಸಿ ಬೇಕು. ನಾನು ಇನ್ನೂ ಮಾಡಿಸಿಲ್ಲ, ಬಜೆಟ್ ಅಷ್ಟಕ್ಕೆ ಬರಲಿಲ್ಲ.

ನಿಮ್ಮ ಮಾಲು ಅಂಗಡಿ ಬಿಟ್ಟು ಹೊರಗೆ ಹೋಗುವುದೇ ಇಲ್ಲವಾದರೆ ಅಥವಾ ನೀವೊಬ್ಬರೇ ಒಯ್ಯುವುದಾದರೆ ಹಳೇ ಕಂಪನಿಯದ್ದೇ ಸಾಕು, ಹನ್ನೊಂದು ಸಾವಿರ ಉಳಿಸಿ. ನಮ್ಮ ಹಾಗೆ ಹುಡುಗರನ್ನು ಕಳಿಸುವ ಅಂಗಡಿಯಾದರೆ, ಹೆಸರಿನ ಪಟ್ಟಿ ಪಾಲಿಸಿಯೊಳಗೆ ಕಣ್ಣಿಗೆ ಕಾಣುವವರೆಗೆ ಚೆಕ್ ಬರೆಯಬೇಡಿ. ಏಜೆಂಟ್ "ಎಲ್ಲ ಕವರ್ ಆಗ್ತದೆ" ಅಂದರೆ ಯಾವ ಪುಟದಲ್ಲಿ ಎಂದು ಕೇಳಿ. ಒಡವೆ ಒಂದು ರಾತ್ರಿ ಮನೆಯಲ್ಲಿ ಬಿಟ್ಟು ಹೋಗಿ ಎಂದು ಈಗಲೂ ಕೆಲವರು ಹೇಳುತ್ತಾರೆ, ಬೇರೆ ಅಂಗಡಿಯವರು ಬಿಡುತ್ತಾರಂತೆ. ನಮ್ಮ ಹುಡುಗರು ಬಿಡುವುದಿಲ್ಲ. ಅದರಿಂದ ಒಂದೆರಡು ಮದುವೆಯ ವ್ಯಾಪಾರ ಕೈ ತಪ್ಪಿದ್ದೂ ಉಂಟು.