ಕೆರೆ ನೀರಿನ ಸ್ಯಾಂಪಲ್ ತರುವ ದೋಣಿ: ಚುಕ್ಕಾಣಿಯೋ, ಎರಡು ಥ್ರಸ್ಟರ್‌ಗಳೋ, ಮೇಲಿನ ಫ್ಯಾನೋ?

ತಾನಾಗಿಯೇ ಹೋಗಿ ಕೆರೆ ನೀರು ತುಂಬಿಕೊಂಡು ಬರುವ ದೋಣಿ ಒಂದೇ ಜಾಗದಲ್ಲಿ ಎಷ್ಟು ಹೊತ್ತು ನಿಲ್ಲಬೇಕು? ನಾನು ಮೋಟರ್ ಆರಿಸೋಕೆ ಮುಂಚೆ ಮಾಡಿದ ಲೆಕ್ಕ ಇದು. ನನ್ನ ಪೆರಿಸ್ಟಾಲ್ಟಿಕ್ ಪಂಪ್ ನಿಮಿಷಕ್ಕೆ ಸುಮಾರು 500 ಮಿಲೀ ನೀರು ಎಳೆಯುತ್ತದೆ. ಅರ್ಧ ಲೀಟರ್ ಬಾಟಲಿ ತುಂಬೋಕೆ 60 ಸೆಕೆಂಡ್. ಅದಕ್ಕೂ ಮೊದಲು ಹಿಂದಿನ ಜಾಗದ ನೀರು ಪೈಪಿನಿಂದ ಪೂರ್ತಿ ಹೋಗಬೇಕು. 6 ಮಿಮೀ ಒಳ ಅಗಲದ ಎರಡು ಮೀಟರ್ ಪೈಪಿನಲ್ಲಿ 56 ಮಿಲೀ ನೀರು ಉಳಿದಿರುತ್ತದೆ. ಅದರ ಮೂರು ಪಟ್ಟು ನೀರನ್ನು ಹೊರಗೆ ಬಿಡೋಕೆ ಇನ್ನೊಂದು 20 ಸೆಕೆಂಡ್. ಒಟ್ಟು 80 ಸೆಕೆಂಡ್.

ಮಧ್ಯಾಹ್ನದ ಗಾಳಿಗೆ ಹಗುರವಾದ ದೋಣಿ ಸೆಕೆಂಡಿಗೆ 30 ಸೆಂಮೀ ತೇಲಿಕೊಂಡು ಹೋದರೂ ಸಾಕು, ಬಾಟಲಿ ತುಂಬುವಷ್ಟರಲ್ಲಿ ಅದು 24 ಮೀಟರ್ ದೂರ ಹೋಗಿರುತ್ತದೆ. ಸಣ್ಣ ಕೆರೆಯಲ್ಲಿ ಕೊಳಚೆ ನೀರು ಸೇರುವ ಬಾಯಿಗೂ ತಿಳಿ ನೀರಿಗೂ ನಡುವೆ ಅಷ್ಟೇ ಅಂತರ ಇರಬಹುದು, ಅಲ್ವಾ? ಹಾಗಾಗಿ ಮೂರೂ ಬಗೆಯ ಮೋಟರ್ ಜೋಡಣೆಗಳಿಗೆ ನಾನು ಕೇಳಿದ ಮುಖ್ಯ ಪ್ರಶ್ನೆ ಒಂದೇ: ಗಾಳಿಯಲ್ಲಿ 80 ಸೆಕೆಂಡ್ ಅಲ್ಲೇ ನಿಲ್ಲುತ್ತದಾ?

ದೋಣಿಯ ಮೈ ಮೂರಕ್ಕೂ ಒಂದೇ. 110 ಮಿಮೀಯ ಪಿವಿಸಿ ಪೈಪು, 1.2 ಮೀಟರ್ ಉದ್ದದ್ದು ಎರಡು, ತುದಿಗಳಿಗೆ ಮುಚ್ಚಳ, ಮೇಲೆ ಒಂದು ಹಲಗೆ. ಎರಡೂ ಪೈಪು ಪೂರ್ತಿ ಮುಳುಗಿದರೆ ಹತ್ತಿರ ಹತ್ತಿರ 23 ಕೆಜಿ ಹೊರುತ್ತವೆ. ಅರ್ಧ ಮುಳುಗುವ ಹಾಗೆ ಇಟ್ಟುಕೊಂಡರೆ ಪೈಪು, ಹಲಗೆ, ಬ್ಯಾಟರಿ, ಪಂಪು, ಆರು ತುಂಬಿದ ಬಾಟಲಿ ಎಲ್ಲ ಸೇರಿ 11 ಕೆಜಿ ಮೀರಬಾರದು. ಬಾಟಲಿಗಳು ಒಂದೊಂದಾಗಿ ತುಂಬುತ್ತಾ ಮೂರು ಕೆಜಿ ಜಾಸ್ತಿ ಆಗುತ್ತದೆ. ಅದಕ್ಕೆ ಅವು ನಟ್ಟನಡುವೆ ಇರಬೇಕು, ಇಲ್ಲದಿದ್ದರೆ ದೋಣಿ ಒಂದು ಕಡೆ ವಾಲುತ್ತದೆ. ಓಡಿಸೋದು ಆರ್ಡುಪೈಲಟ್ ಅನ್ನೋ ಆಟೋಪೈಲಟ್ ಸಾಫ್ಟ್‌ವೇರಿನ ರೋವರ್ ಫರ್ಮ್‌ವೇರ್. ಜಿಪಿಎಸ್ ಎರಡೂವರೆ ಮೀಟರ್ ಆಸುಪಾಸು ತಪ್ಪುವ ಸಾಮಾನ್ಯ ಮಾಡ್ಯೂಲ್.

ಮೊದಲು ಒಂದು ಮೋಟರ್, ಹಿಂದೆ ಸರ್ವೋದಿಂದ ತಿರುಗುವ ಚುಕ್ಕಾಣಿ. ಒಂದು ವೇಪಾಯಿಂಟ್‌ನಿಂದ, ಅಂದರೆ ನಕ್ಷೆಯಲ್ಲಿ ಗುರುತಿಸಿದ ಜಾಗದಿಂದ, ಇನ್ನೊಂದಕ್ಕೆ ಹೋಗುವಾಗ ಮೂರರಲ್ಲಿ ಇದೇ ಚೆನ್ನಾಗಿತ್ತು. ಗೆರೆ ನೇರ, ಕರೆಂಟ್ ಕಡಿಮೆ. ಆದರೆ ಚುಕ್ಕಾಣಿಗೆ ನೀರು ಬಡಿಯುತ್ತಿದ್ದರೆ ಮಾತ್ರ ಅದು ದೋಣಿಯನ್ನು ತಿರುಗಿಸುತ್ತದೆ. ಗಾಳಿ ತಳ್ಳಿದ ದೋಣಿ ಮತ್ತೆ ಜಾಗಕ್ಕೆ ಬರಬೇಕಾದರೆ ಮುಂದಕ್ಕೆ ಓಡಿ, ಸುತ್ತು ಹೊಡೆದು ಬರಬೇಕು. ಲಾಗ್‌ನಲ್ಲಿ ನೋಡಿದರೆ ನಿಲ್ಲಬೇಕಾದ ಕಡೆಯೆಲ್ಲ ಆರೇಳು ಮೀಟರ್ ಅಗಲದ ಕುಣಿಕೆಗಳು. ಹಿಂದಕ್ಕೆ ಓಡಿಸಿದರೆ ಚುಕ್ಕಾಣಿಗೆ ಹಿಡಿತವೇ ಇಲ್ಲ. ಓಡುತ್ತಲೇ ನೀರಿನ ಬಿಸಿ, ಪಿಎಚ್ ಅಳೆಯುವ ಕೆಲಸ ಇದ್ದರೆ ನಾನು ಇದನ್ನೇ ಇಟ್ಟುಕೊಳ್ಳುತ್ತಿದ್ದೆ. ಬಾಟಲಿ ತುಂಬೋಕೆ ಇದು ಆಗದು.

ಎರಡನೆಯದು ನೀರಿನೊಳಗಿನ ಎರಡು ಥ್ರಸ್ಟರ್, ಅಂದರೆ ರೆಕ್ಕೆ ಇರುವ ಮೋಟರ್. ಪ್ರತಿ ಪೈಪಿನ ಹಿಂದೆ ಒಂದೊಂದು. ಇಲ್ಲಿ ಚುಕ್ಕಾಣಿ ಬೇಡ. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ತಿರುಗಿದರೆ ದೋಣಿ ನಿಂತಲ್ಲೇ ಮುಖ ತಿರುಗಿಸುತ್ತದೆ. ಇದಕ್ಕೆ ಎರಡೂ ದಿಕ್ಕಿಗೆ ಓಡಿಸುವ ಇಎಸ್‌ಸಿ, ಅಂದರೆ ಮೋಟರ್ ವೇಗ ನೋಡಿಕೊಳ್ಳುವ ಬೋರ್ಡು, ಬೇಕು. ಡ್ರೋನ್‌ಗೆ ಬಳಸುವ ಎಷ್ಟೋ ಇಎಸ್‌ಸಿಗಳು ಒಂದೇ ದಿಕ್ಕಿನವು, ಕೊಳ್ಳುವಾಗ ಕೇಳಿ ನೋಡಿ. ಮುಖ್ಯ ಸೆಟ್ಟಿಂಗ್‌ಗಳು ಇಷ್ಟೇ:

```
FRAME_CLASS      2
SERVO1_FUNCTION  73
SERVO3_FUNCTION  74
LOIT_TYPE        1
LOIT_RADIUS      2
```

ಮೊದಲ ಮೂರು ಸಾಲು ಇದು ದೋಣಿ ಅಂತ, ಎಡ ಮತ್ತು ಬಲ ಥ್ರಸ್ಟರ್ ಯಾವ ಔಟ್‌ಪುಟ್‌ನಲ್ಲಿವೆ ಅಂತ ಹೇಳುತ್ತವೆ. ಕೊನೆಯ ಎರಡು ಸಾಲಿನಲ್ಲೇ ಸ್ಯಾಂಪಲ್‌ನ ಗುಣ ಇದೆ. `LOIT_TYPE` ಅನ್ನು 0 ಇಟ್ಟರೆ ದೋಣಿ ಯಾವುದು ಹತ್ತಿರವೋ ಹಾಗೆ, ಕೆಲವು ಸಲ ಹಿಂದುಹಿಂದಕ್ಕೂ ಜಾಗಕ್ಕೆ ವಾಪಸ್ ಬರುತ್ತದೆ. ಆಗ ಥ್ರಸ್ಟರ್ ತಳ್ಳಿದ ನೀರು ಮೂತಿಯ ಕಡೆಗೆ ಹರಿಯುತ್ತದೆ. ನನ್ನ ಪೈಪಿನ ಬಾಯಿ ಮೂತಿಯಲ್ಲೇ, 30 ಸೆಂಮೀ ಆಳದಲ್ಲಿ ಇದೆ. 1 ಇಟ್ಟರೆ ಯಾವಾಗಲೂ ಮೂತಿಯನ್ನೇ ಜಾಗದ ಕಡೆ ತಿರುಗಿಸಿ ಬರುತ್ತದೆ, ಕಲಕಿದ ನೀರು ಹಿಂದಕ್ಕೆ ಹೋಗುತ್ತದೆ.

`LOIT_RADIUS` ಅಂದರೆ ಎಷ್ಟು ದೂರ ತೇಲಿದರೂ ಮೋಟರ್ ಸುಮ್ನೆ ಇರಬೇಕು ಅನ್ನೋ ಅಳತೆ. ಅರ್ಧ ಮೀಟರ್‌ಗೆ ಇಳಿಸಿದರೆ ಇನ್ನೂ ಕರಾರುವಾಕ್ಕಾಗಿ ನಿಲ್ಲುತ್ತದೆ ಅನ್ನಿಸಬಹುದು. ಹಾಗೆ ಆಗುವುದಿಲ್ಲ. ಜಿಪಿಎಸ್ ಓದೇ ಅದಕ್ಕಿಂತ ಜಾಸ್ತಿ ಅಲುಗಾಡುತ್ತದೆ. ದೋಣಿ ನಿಂತಿದ್ದರೂ ಮೋಟರ್‌ಗಳು ಒಂದೇ ಸಮನೆ ಜಗ್ಗಾಡುತ್ತಾ ಕೆಸರು ಎಬ್ಬಿಸುತ್ತವೆ. ಎರಡು ಮೀಟರ್ ಇಟ್ಟಾಗ ಮೋಟರ್ ಆಗಾಗ ಒಂದೆರಡು ಕ್ಷಣ ಮಾತ್ರ ಓಡಿತು.

ಮಿಷನ್‌ನಲ್ಲಿ ಪ್ರತಿ ಜಾಗಕ್ಕೂ ಸಾಲುಗಳ ಕ್ರಮ ಹೀಗೆ:

```
WAYPOINT
DO_SET_RELAY  0 1
LOITER_TIME   80
DO_SET_RELAY  0 0
```

ಇಲ್ಲಿ ರಿಲೇ ಅಂದರೆ ಪಂಪಿನ ಸ್ವಿಚ್. ಪಂಪ್ ಶುರುವಾಗಿ 20 ಸೆಕೆಂಡ್ ಆದ ಮೇಲೆ ನೀರನ್ನು ಬಾಟಲಿಗೆ ತಿರುಗಿಸುವುದು, ಪ್ರತಿ ಜಾಗಕ್ಕೂ ಮುಂದಿನ ಬಾಟಲಿಗೆ ಹೋಗುವುದು, ಇದನ್ನೆಲ್ಲ ಬೇರೆ ಒಂದು ಸಣ್ಣ ಬೋರ್ಡು ನೋಡಿಕೊಳ್ಳುತ್ತದೆ.

ಥ್ರಸ್ಟರ್ ಜೋಡಣೆಗೆ ದಿಕ್ಸೂಚಿ ಸರಿಯಾಗಿರಲೇಬೇಕು. ಜಿಪಿಎಸ್ ದೋಣಿ ಎಲ್ಲಿದೆ ಅಂತ ಹೇಳುತ್ತದೆ. ಓಡುತ್ತಿದ್ದರೆ ಎತ್ತ ಹೋಗುತ್ತಿದೆ ಅಂತಲೂ ಹೇಳುತ್ತದೆ. ನಿಂತ ದೋಣಿಯ ಮೂತಿ ಯಾವ ಕಡೆಗಿದೆ ಅನ್ನೋದು ಅದಕ್ಕೆ ಗೊತ್ತಾಗದು. ಮೋಟರ್ ವೈರಿನ ಕರೆಂಟ್ ದಿಕ್ಸೂಚಿಯನ್ನು ಎಳೆದರೆ ದೋಣಿ ಜಾಗಕ್ಕೆ ಬಂದು ನಿಲ್ಲದೆ, ಅದರ ಸುತ್ತ ದೊಡ್ಡದಾಗುತ್ತಾ ಹೋಗುವ ಸುತ್ತು ಹೊಡೆಯುತ್ತದೆ. ಆ ಆಟ ಕಂಡರೆ ಬೇರೆ ಸೆಟ್ಟಿಂಗ್ ಮುಟ್ಟಬೇಡಿ. ದಿಕ್ಸೂಚಿ ಇರುವ ಜಿಪಿಎಸ್ ಡಬ್ಬಿಯನ್ನು 40 ಸೆಂಮೀ ಕೋಲಿನ ಮೇಲೆ ಏರಿಸಿ, ಮೋಟರ್ ವೈರ್‌ಗಳನ್ನು ಜೋಡಿಯಾಗಿ ಹೊಸೆದು, ಮತ್ತೆ ಕ್ಯಾಲಿಬ್ರೇಟ್ ಮಾಡಿ.

ಥ್ರಸ್ಟರ್‌ನ ದೊಡ್ಡ ತೊಂದರೆ ಕಳೆ. ಅಂತರಗಂಗೆಯ ಬೇರು, ನೂಲಿನಂಥ ಪಾಚಿ ರೆಕ್ಕೆಗೆ ಸುತ್ತಿಕೊಳ್ಳುತ್ತವೆ. ಒಂದು ಕಡೆ ಸುತ್ತಿಕೊಂಡರೆ ದೋಣಿ ಆ ಕಡೆಗೇ ಎಳೆಯುತ್ತದೆ, ಆ ಮೋಟರ್‌ನ ಕರೆಂಟ್ ಏರುತ್ತದೆ. ಮುಂದೆ ಒರಟು ಜಾಲರಿ ಕಟ್ಟಿದರೆ ಬೇರು ತಡೆಯುತ್ತದೆ, ಪಾಚಿ ಮಾತ್ರ ನುಸುಳುತ್ತದೆ. ಬಲೆ ಇನ್ನೂ ಕೆಟ್ಟದ್ದು. ಕೆರೆಯಲ್ಲಿ ಮೀನು ಸಾಕಲು ಗುತ್ತಿಗೆ ಹಿಡಿದವರನ್ನು ಮೊದಲೇ ಕಂಡು, ಬಲೆ ಎಲ್ಲಿ ಬಿಟ್ಟಿದ್ದಾರೆ ಅಂತ ಕೇಳಿಕೊಳ್ಳಲೇಬೇಕು. ಅವರ ಬಲೆ ಹರಿದರೆ ಅದು ಅವರ ಹೊಟ್ಟೆಪಾಡು.

ಈ ಕಳೆಗೆ ಹೆದರಿಯೇ ಮೂರನೆಯದನ್ನು ಕಟ್ಟಿದ್ದು: ಹಲಗೆಯ ಮೇಲೆ ಕಂಬ ನಿಲ್ಲಿಸಿ ಎರಡು ಫ್ಯಾನ್ ಮೋಟರ್. ಎಲೆಗಳ ಮೇಲೇ ಜಾರಿ ಹೋಗುತ್ತದೆ, ಕೆಸರು ಅಲುಗುವುದಿಲ್ಲ. ಆದರೆ ನನ್ನ ಫ್ಯಾನ್‌ಗಳು ಒಂದೇ ದಿಕ್ಕಿಗೆ ತಳ್ಳುತ್ತವೆ, ಹಾಗಾಗಿ ಬ್ರೇಕ್ ಇಲ್ಲ. ಎತ್ತರದಿಂದ ತಳ್ಳುವುದರಿಂದ ಮೂತಿ ನೀರಿಗೆ ಬಾಗುತ್ತದೆ. ಕಂಬವೇ ಗಾಳಿಗೆ ಹಾಯಿ ಆಗುತ್ತದೆ. ಬ್ಯಾಟರಿಯೂ ಬೇಗ ಇಳಿಯುತ್ತದೆ. ಸುತ್ತ ಜಾಲರಿ ಇಲ್ಲದೆ ಇದನ್ನು ಓಡಿಸಲೇಬಾರದು, ಬೆರಳು ಹೋಗುತ್ತದೆ.

ಫ್ಯಾನ್ ಗೆದ್ದದ್ದು ದಡದ ಹತ್ತಿರ. ಮೊಣಕಾಲುದ್ದ ನೀರಿನಲ್ಲಿ ಮೂರು ಬಾಟಲಿ ತುಂಬಿಸಿ ಬಿಳಿ ಹಾಳೆಯ ಮುಂದೆ ಇಟ್ಟೆ: ಕೈಯಲ್ಲಿ ಅದ್ದಿದ್ದು, ಫ್ಯಾನ್ ದೋಣಿಯದ್ದು, ಥ್ರಸ್ಟರ್ ದೋಣಿಯದ್ದು. ಮೊದಲ ಎರಡು ಒಂದೇ ಥರ ಇದ್ದವು. ಮೂರನೆಯದರ ತಳದಲ್ಲಿ ಕಂದು ಕೆಸರಿನ ಗೆರೆ ಕೂತಿತ್ತು. ಕೆಸರಿನ ಜೊತೆ ಅದಕ್ಕೆ ಅಂಟಿದ ರಂಜಕವೂ ಬಾಟಲಿಗೆ ಬರುತ್ತದೆ, ಲ್ಯಾಬಿನ ರಿಪೋರ್ಟಿನಲ್ಲಿ ಕೆರೆ ಇರೋದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಈಗ ನಾನು ಇಟ್ಟುಕೊಂಡಿರೋದು ಎರಡು ಥ್ರಸ್ಟರ್ ದೋಣಿಯನ್ನೇ. ಒಂದು ಮೀಟರ್‌ಗಿಂತ ಕಡಿಮೆ ಆಳ ಇರುವ ಕಡೆ ವೇಪಾಯಿಂಟ್ ಇಡುವುದಿಲ್ಲ. ಅಲ್ಲಿನ ನೀರನ್ನು ದಡದಿಂದ ಉದ್ದ ಕೋಲಿಗೆ ಬಾಟಲಿ ಕಟ್ಟಿ ತೆಗೆಯುತ್ತೇನೆ. ಕೆರೆ ಅರ್ಧಕ್ಕಿಂತ ಜಾಸ್ತಿ ಅಂತರಗಂಗೆಯಿಂದ ಮುಚ್ಚಿದ್ದರೆ ಮಾತ್ರ ಫ್ಯಾನ್ ಹೊರಗೆ ಬರುತ್ತದೆ, ಅದೂ ಗಾಳಿ ಏಳುವ ಮೊದಲು, ಬೆಳಿಗ್ಗೆ.