ಮನೋರೋಗ ವಾರ್ಡಿನ ಬಿಲ್ಲು ತಿರಸ್ಕರಿಸಿದ ವಿಮೆಯವರು: ಕೊಡಗಿನವರು ದಯವಿಟ್ಟು ಓದಿ

ನನ್ನ ತಮ್ಮನನ್ನು ತೀವ್ರ ಖಿನ್ನತೆಗಾಗಿ ಮೈಸೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದಾಗ, ವಿಮಾ ಕಂಪನಿಯ ಸಹಾಯವಾಣಿಯವರು "ಬಿಲ್ ಕಟ್ಟಿ ಸರ್, ಆಮೇಲೆ ಹಣ ಬರುತ್ತೆ" ಎಂದು ಧೈರ್ಯ ಹೇಳಿದ್ದರು. ಆ ಮಾತನ್ನು ನಂಬಿ ಕಾಫಿ ಮಾರಿ ಬಂದ ಹಣವನ್ನೆಲ್ಲ ಆಸ್ಪತ್ರೆಗೆ ಕಟ್ಟಿದೆವು.

ಬಂದದ್ದು ಹಣವಲ್ಲ, ತಿರಸ್ಕಾರದ ಮಿಂಚಂಚೆ. ಅದರಲ್ಲಿದ್ದ ಕಾರಣ Excl04. ಅಂದರೆ ಬರೀ ತಪಾಸಣೆ, ಅವಲೋಕನಕ್ಕಾಗಿ ದಾಖಲಾದವರಿಗೆ ಹಣವಿಲ್ಲ ಎಂಬ ಷರತ್ತು. ಹೊರರೋಗಿಯಾಗಿಯೇ ಚಿಕಿತ್ಸೆ ಕೊಡಬಹುದಿತ್ತಂತೆ! ಊಟ ಬಿಟ್ಟು, ಸಾಯುತ್ತೇನೆಂದು ಚೀಟಿ ಬರೆದಿಟ್ಟ ಹುಡುಗನನ್ನು ತೋಟದ ನಡುವಿನ ಒಂಟಿ ಮನೆಯಲ್ಲಿ ಮಾತ್ರೆ ಕೊಟ್ಟು ಮಲಗಿಸಬೇಕಿತ್ತೇ? ಫೋನಿನಲ್ಲಿ ಕೇಳಿದೆ. "ಡಿಸ್ಚಾರ್ಜ್ ಸಮ್ಮರಿಯಲ್ಲಿ ಅವಲೋಕನಕ್ಕಾಗಿ ಅಂತ ಇದೆಯಲ್ಲ ಸರ್" ಎಂದರು. ಇತ್ತು, ನಿಜ. ಆ ಒಂದು ಪದವನ್ನು ಹಿಡಿದು, ಕೆಳಗಿದ್ದ ಎರಡು ಪುಟಗಳ ಚಿಕಿತ್ಸೆಯನ್ನು ಅವರು ಓದಲೇ ಇಲ್ಲ. ಮೋಸಹೋದೆ ಎನಿಸಿ ಮುಖ ಬಿಸಿಯಾಯಿತು.

ಮೇಲ್ಮನವಿಯಲ್ಲಿ ಗೋಳು ಹೇಳಿಕೊಳ್ಳಲಿಲ್ಲ. ಚಿಕಿತ್ಸೆ ನೀಡಿದ ಮನೋವೈದ್ಯರಿಂದ ಪತ್ರ ಬರೆಸಿದೆವು. ಸಾಯುವ ಯೋಚನೆ ಯೋಜನೆಯಾಗಿಯೇ ಬೆಳೆದಿತ್ತು, ಊಟ ನಿದ್ರೆ ನಿಂತಿದ್ದವು, ಹೊರರೋಗಿಯಾಗಿ ಕೊಟ್ಟ ಔಷಧಿಯಿಂದ ಸುಧಾರಣೆ ಕಾಣಲಿಲ್ಲ, ಆದ್ದರಿಂದ ಇಪ್ಪತ್ನಾಲ್ಕು ಗಂಟೆಯೂ ಕಣ್ಗಾವಲು ಅಗತ್ಯವಿತ್ತು ಎಂದು ಅವರು ಬರೆದರು. ಅದಕ್ಕೆ ದಾದಿಯರ ದಿನಚರಿಯ ನಕಲನ್ನೂ ಸೇರಿಸಿದೆವು. "ರಾತ್ರಿ ಎಚ್ಚರವಿದ್ದಾರೆ, ಒಬ್ಬರನ್ನೇ ಬಿಡಬಾರದು" ಎಂಬಂಥ ಸಾಲುಗಳು ಅದರಲ್ಲಿದ್ದವು. ಬರೀ ತಪಾಸಣೆಗೆ ಬಂದವರ ಬಗ್ಗೆ ಯಾರೂ ಹಾಗೆ ಬರೆಯುವುದಿಲ್ಲ. ಕೊನೆಗೆ, ದೈಹಿಕ ಕಾಯಿಲೆಗೆ ಇರುವ ಆಧಾರದ ಮೇಲೆಯೇ ಮಾನಸಿಕ ಕಾಯಿಲೆಯ ಚಿಕಿತ್ಸೆಗೂ ವಿಮೆ ಒದಗಿಸಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21(4)ನೇ ಕಲಂ ಹೇಳುವುದನ್ನು ಕಾಣಿಸಿ, ಎದೆನೋವಿನ ರೋಗಿಯನ್ನು ಐಸಿಯುವಿನಲ್ಲಿಟ್ಟು ನೋಡಿಕೊಂಡರೆ ಅದನ್ನೂ ಬರೀ ಅವಲೋಕನ ಎನ್ನುತ್ತೀರಾ ಎಂದು ಕೇಳಿದೆವು.

ಉತ್ತರ ಬಂತು: "ಕಡತವನ್ನು ಮರುಪರಿಶೀಲಿಸಲಾಗಿದೆ, ನಿರ್ಧಾರದಲ್ಲಿ ಬದಲಾವಣೆಯಿಲ್ಲ." ವೈದ್ಯರ ಪತ್ರದ ಬಗ್ಗೆ ಒಂದಕ್ಷರವೂ ಇಲ್ಲ. ನಮ್ಮ ಪ್ರಶ್ನೆಗೂ ಉತ್ತರವಿಲ್ಲ. ಮರುಪರಿಶೀಲಿಸಿದವರು ಮನೋವೈದ್ಯರೇ ಎಂದು ಕೇಳಿದರೆ "ಅದು ಆಂತರಿಕ ಮಾಹಿತಿ" ಎಂದರು.

ಈಗ ದೂರು ಬೆಂಗಳೂರಿನ ವಿಮಾ ಲೋಕಪಾಲರ ಬಳಿ ಇದೆ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಫೋನಿನಲ್ಲಿ ಕೊಟ್ಟ ಭರವಸೆಯನ್ನು ನಂಬಬೇಡಿ, ಬರವಣಿಗೆಯಲ್ಲಿ ಕೇಳಿ. ಆಸ್ಪತ್ರೆಯಿಂದ ಹೊರಡುವ ಮೊದಲೇ ಡಿಸ್ಚಾರ್ಜ್ ಸಮ್ಮರಿಯನ್ನು ವೈದ್ಯರ ಎದುರಿಗೇ ಓದಿ, ದಾಖಲಿಸಿದ್ದೇಕೆ ಎಂಬುದು ಅದರಲ್ಲಿ ಸ್ಪಷ್ಟವಾಗಿ ಇಲ್ಲದಿದ್ದರೆ ಅಲ್ಲೇ ಬರೆಸಿಕೊಳ್ಳಿ.