ಕಿತ್ತಳೆ ಬೆಳಕು ಹೋಗಬೇಕು, ಜ್ಯೇಷ್ಠಾ ಉಳಿಯಬೇಕು: ಸಿರಿಲ್ ಬಳಸಿದ ಅನುಭವ

ಮೂಡಿಗೆರೆ ಕಡೆಯಿಂದ ಆಕಾಶಗಂಗೆಯ ಫೋಟೋ ತೆಗೆಯುವವರಿಗೆ ಈ ತೊಂದರೆ ತಪ್ಪಿದ್ದಲ್ಲ. ಫೆಬ್ರವರಿ, ಮಾರ್ಚ್‌ನ ಬೆಳಗಿನ ಜಾವ ವೃಶ್ಚಿಕ ರಾಶಿ ಆಗ್ನೇಯದಲ್ಲಿ ಮೇಲೇರಿರುತ್ತದೆ, ಅದರ ಬೆನ್ನಿಗೇ ಆಕಾಶಗಂಗೆಯ ಅತಿ ಹೊಳಪಿನ ಭಾಗ. ಆ ಭಾಗದ ಬಲಕ್ಕೆ ಸಕಲೇಶಪುರ, ಎಡಕ್ಕೆ ಹಾಸನ. ಕಣ್ಣಿಗೆ ಅಷ್ಟು ಕಾಣದಿದ್ದರೂ ಫೋಟೋದಲ್ಲಿ ಎರಡು ಊರಿನ ಬೆಳಕೂ ಸೇರಿ ಕೆಳಗಿನ ಅರ್ಧ ಕಿತ್ತಳೆ ಬಣ್ಣವಾಗುತ್ತದೆ.

ಲೆನ್ಸ್ ಮುಂದೆ ಹಾಕುವ ನೈಟ್ ಫಿಲ್ಟರ್ ಒಂದು ನನ್ನ ಬಳಿ ಇದೆ. ಸೋಡಿಯಂ ದೀಪದ ಬೆಳಕು ಹೆಚ್ಚಾಗಿ 589 ನ್ಯಾನೋಮೀಟರ್ ಆಸುಪಾಸಿನಲ್ಲಿರುತ್ತದೆ, ಫಿಲ್ಟರ್ ತಡೆಯುವುದೂ ಅಷ್ಟನ್ನೇ. ಎಲ್‌ಇಡಿ ದೀಪ ಎಲ್ಲ ಬಣ್ಣದಲ್ಲೂ ಬೆಳಕು ಚೆಲ್ಲುತ್ತದೆ, ಹಾಗಾಗಿ ಬೀದಿದೀಪ ಬದಲಾದ ಊರಿನ ಕಡೆಗೆ ಫಿಲ್ಟರ್ ಹಾಕಿ ಅಷ್ಟೇನೂ ಲಾಭವಿಲ್ಲ. ದುಡ್ಡು ಕೊಟ್ಟು ಇನ್ನೊಂದು ಫಿಲ್ಟರ್ ತರುವ ಬದಲು ಆಕಾಶದ ಫೋಟೋ ತಿದ್ದಲು ಪುಕ್ಕಟೆಯಾಗಿ ಸಿಗುವ ಸಿರಿಲ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ. ತಿಂಗಳ ಚಂದಾ ಕಟ್ಟುವ ಸಾಫ್ಟ್‌ವೇರ್ ನನ್ನ ಬಜೆಟ್‌ಗೆ ಆಗುವುದಿಲ್ಲ. ಕೆಲವು ಚಳಿಗಾಲಗಳಿಂದ ಇದನ್ನೇ ಬಳಸುತ್ತಿದ್ದೇನೆ.

ನನಗೆ ಇದು ಇಷ್ಟವಾಗಲು ಕಾರಣ ಒಂದೇ, Background Extraction. ಊರಿನ ಬೆಳಕು ಫೋಟೋದ ಮೇಲೆ ನಿಧಾನಕ್ಕೆ ಏರಿಳಿಯುವ ಒಂದು ಪದರವಾಗಿ ಕೂತಿರುತ್ತದೆ. ನಕ್ಷತ್ರ ಹಾಗಲ್ಲ, ನಾಲ್ಕಾರು ಪಿಕ್ಸೆಲ್‌ನಲ್ಲೇ ಎದ್ದು ಅಲ್ಲೇ ಮುಗಿಯುತ್ತದೆ. ಸಿರಿಲ್ ಆ ನಿಧಾನದ ಪದರವನ್ನು ಅಂದಾಜು ಮಾಡಿ ಕಳೆಯುತ್ತದೆ, ನಕ್ಷತ್ರದ ತಂಟೆಗೆ ಹೋಗುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಕಿತ್ತಳೆಯ ಸ್ಯಾಚುರೇಶನ್ ಇಳಿಸಿದರೆ ವೃಶ್ಚಿಕದ ಕಿತ್ತಳೆ ಬಣ್ಣದ ಜ್ಯೇಷ್ಠಾ ನಕ್ಷತ್ರವೂ ಬೂದಿ ಬಣ್ಣವಾಗುತ್ತದೆ, ಬ್ಲ್ಯಾಕ್ಸ್ ಎಳೆದರೆ ಸಣ್ಣ ನಕ್ಷತ್ರಗಳೇ ಮಾಯ. ಅದಕ್ಕೇ ನನ್ನ ಪರೀಕ್ಷೆ ಯಾವಾಗಲೂ ಜ್ಯೇಷ್ಠಾ. ಸುತ್ತಲಿನ ಕಿತ್ತಳೆ ಹೋಗಿ ಅದರ ಕಿತ್ತಳೆ ಉಳಿದಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ.

ಫೋಟೋ ತೆಗೆದ ದಿನ ಸಂಜೆ ಕಾಫಿ ಮುಗಿಸಿ ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ. ರಾ ಫೈಲ್ ತೆರೆಯುವಾಗ Debayer ಟಿಕ್ ಇರಬೇಕು, ಇಲ್ಲದಿದ್ದರೆ ಬಣ್ಣವೇ ಇಲ್ಲದ ಚೌಕುಳಿ ಚಿತ್ರ ಬರುತ್ತದೆ. ಕತ್ತಲೆಯಾಗಿ ಕಂಡರೆ ಗಾಬರಿಯಾಗಬೇಡಿ, ಕೆಳಗಿನ ಪಟ್ಟಿಯಲ್ಲಿ AutoStretch ಆರಿಸಿ. ಅದು ಮಂದ ಬೆಳಕನ್ನು ಹಿಗ್ಗಿಸಿ ಹೊಳಪಾಗಿ ತೋರಿಸುತ್ತದೆ, ನೋಡಲಿಕ್ಕೆ ಮಾತ್ರ, ಫೈಲ್ ಬದಲಾಗುವುದಿಲ್ಲ. ಮೂರು ಬಣ್ಣವನ್ನೂ ಒಟ್ಟಿಗೇ ಹಿಗ್ಗಿಸುವ ಹಾಗೆ ಇಟ್ಟುಕೊಳ್ಳಿ. ಬೇರೆ ಬೇರೆಯಾಗಿ ಹಿಗ್ಗಿಸಿದರೆ ಪರದೆಯ ಮೇಲೆ ಕಿತ್ತಳೆ ಕಡಿಮೆ ಕಾಣುತ್ತದೆ, ಫೈಲ್‌ನಲ್ಲಿ ಹಾಗೇ ಇರುತ್ತದೆ.

ಆಮೇಲೆ Background Extraction ತೆರೆದು Generate ಒತ್ತಿದರೆ ಚಿತ್ರದ ತುಂಬಾ ಚಿಕ್ಕ ಚೌಕಗಳು ಸಾಲಾಗಿ ಬರುತ್ತವೆ. ಈ ಜಾಗದಲ್ಲಿ ಆಕಾಶ ಖಾಲಿ ಇದೆ ಎಂದು ಸಿರಿಲ್ ನಂಬಿರುವ ಗುರುತುಗಳು ಅವು. ನಿಜವಾದ ಕೆಲಸ ಇಲ್ಲೇ ಇರುವುದು. ಆಕಾಶಗಂಗೆಯ ಮೇಲಿರುವ ಒಂದೊಂದು ಚೌಕವನ್ನೂ ಬಲ ಕ್ಲಿಕ್ ಮಾಡಿ ತೆಗೆಯುತ್ತೇನೆ. ಮೂಲಾ ನಕ್ಷತ್ರದ ಹತ್ತಿರ, ಧನು ರಾಶಿಯ ಕಡೆ, ಕಪ್ಪು ಸೀಳುಗಳ ಮೇಲೆ ಒಂದನ್ನೂ ಬಿಡುವುದಿಲ್ಲ. ಯಾಕೆಂದರೆ ಆಕಾಶಗಂಗೆಯೂ ನಿಧಾನಕ್ಕೆ ಏರಿಳಿಯುವ ಬೆಳಕೇ. ಗುರುತು ಅದರ ಮೇಲೆ ಉಳಿದರೆ ಹಾಸನದ ಬೆಳಕಿನ ಜೊತೆ ಅದೂ ಹೋಗುತ್ತದೆ. ನಂತರ ಸಿಗುವುದು ಬರೀ ಚುಕ್ಕಿ ತುಂಬಿದ ಚಪ್ಪಟೆ ಆಕಾಶ. ಅವಸರ ಮಾಡದೆ, ಒಂದು ಕೈಯಲ್ಲಿ ಚಕ್ಕುಲಿ ಹಿಡಿದು ಚೌಕ ತೆಗೆಯುವ ಈ ಹೊತ್ತು ನನಗೆ ಬಹಳ ಇಷ್ಟ.

Polynomial ಆರಿಸಿ ಡಿಗ್ರಿ 1ರಿಂದ ಶುರು ಮಾಡಿ. ಬೆಳಕು ಒಂದೇ ಬದಿಯಿಂದ ಬಂದಿದ್ದರೆ ಅಷ್ಟೇ ಸಾಕು. ನಮ್ಮ ಹಾಗೆ ಎರಡು ಊರಿದ್ದರೆ 2. ಅದಕ್ಕಿಂತ ಜಾಸ್ತಿ ಏರಿಸಿದರೆ ಲೆಕ್ಕ ಆಕಾಶಗಂಗೆಯನ್ನೇ ಹಿಂಬಾಲಿಸುತ್ತದೆ, ಅದರ ಎರಡೂ ಪಕ್ಕ ಅಸಹಜವಾದ ಕಪ್ಪು ಅಂಚು ಕಂಡರೆ ಹಾಗಾಗಿದೆ ಅಂತಲೇ ತಿಳಿಯಿರಿ. Correction ಜಾಗದಲ್ಲಿ Subtraction ಇರಲಿ. ಊರಿನ ಬೆಳಕು ಆಕಾಶದ ಬೆಳಕಿಗೆ ಕೂಡಿಕೊಂಡದ್ದು, ಕಳೆಯುವುದೇ ಸರಿ. Division ಇರುವುದು ಲೆನ್ಸ್ ಮೂಲೆಗಳ ಕತ್ತಲೆಗೆ.

ಇಷ್ಟೆಲ್ಲ ಹೊಗಳಿದ ಮೇಲೆ ಬೇಸರವನ್ನೂ ಹೇಳಬೇಕು. ಸಿರಿಲ್‌ಗೆ ನೆಲ ಗೊತ್ತಿಲ್ಲ. ಅದು ಟೆಲಿಸ್ಕೋಪ್ ಚಿತ್ರಗಳಿಗೆ ಮಾಡಿದ ಸಾಫ್ಟ್‌ವೇರ್. ನಮ್ಮ ಫೋಟೋದಲ್ಲಿ ಗುಡ್ಡ ಇರುತ್ತದೆ, ತೋಟದ ಸಿಲ್ವರ್ ಓಕ್ ಇರುತ್ತದೆ. ನೆಲದ ಮೇಲಿನ ಚೌಕ ತೆಗೆದರೂ ಕಳೆಯುವ ಪದರ ನೆಲದ ಮೇಲೂ ಹಾಯುತ್ತದೆ. ಅಲ್ಲಿ ಕಿತ್ತಳೆಯೇ ಇರಲಿಲ್ಲ, ಹಾಗಾಗಿ ಮರಗಳು ನೀಲಿಯಾಗುತ್ತವೆ ಅಥವಾ ಪೂರ್ತಿ ಕಪ್ಪಾಗುತ್ತವೆ. ಪ್ರತಿ ಸಲ 16 ಬಿಟ್ ಟಿಫ್ ಮಾಡಿ ಗಿಂಪ್‌ಗೆ ಒಯ್ದು, ಮೂಲ ಫೋಟೋದ ನೆಲವನ್ನು ಲೇಯರ್ ಮಾಸ್ಕ್ ಹಾಕಿ ಜೋಡಿಸಬೇಕು. ಗುಡ್ಡದ ಅಂಚು ಸುಲಭ. ಸಿಲ್ವರ್ ಓಕ್‌ನ ಸಣ್ಣ ಎಲೆಗಳ ನಡುವೆ ಮಾತ್ರ ಹಳೆಯ ಕಿತ್ತಳೆ ಚೂರು ಚೂರಾಗಿ ಉಳಿಯುತ್ತದೆ. ಮಾಸ್ಕ್ ಎಷ್ಟೇ ತಿದ್ದಿದರೂ ಹೋಗದು. ಅಂಚಿನಲ್ಲಿ ಆ ನೆಲದ ಲೇಯರ್‌ನ ಬಣ್ಣವನ್ನಷ್ಟೇ ಇಳಿಸಿದರೆ ಕಣ್ಣಿಗೆ ಹೊಡೆಯುವುದಿಲ್ಲ. ಮರವಿಲ್ಲದ ದಿಣ್ಣೆ ಸಿಕ್ಕರೆ ಅಲ್ಲಿಂದಲೇ ಫೋಟೋ ತೆಗೆಯಿರಿ.

ಇನ್ನು ಪಟ್ಟೆಗಳ ವಿಷಯ. ಇದರಲ್ಲಿ ಎರಡು ಬಗೆ ಇದೆ, ಮದ್ದೂ ಬೇರೆ ಬೇರೆ. ಕ್ಯಾಮೆರಾದ ಅಂಚಿಗೆ ಸಮವಾಗಿ ನೇರ ಗೆರೆಗಳಿದ್ದರೆ ಅದು ಸೆನ್ಸರ್‌ದು, ಅದಕ್ಕೆ ಸಿರಿಲ್‌ನಲ್ಲೇ Banding Reduction ಇದೆ. ಊರಿನ ಬೆಳಕಿನ ಸುತ್ತ ಬಾಗಿದ ಮೆಟ್ಟಿಲಿನಂತೆ ಕಂಡರೆ ಅದು ಬಣ್ಣದ ಹಂತಗಳು ಸಾಲದೆ ಬಂದದ್ದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಹಂತ, 14 ಬಿಟ್ ರಾದಲ್ಲಿ 16,384. ಆಕಾಶದ ಮಂದ ಬೆಳಕು ಆ 256ರಲ್ಲಿ ಕೆಲವೇ ಹಂತ ಹಿಡಿಯುತ್ತದೆ, ಹಿಗ್ಗಿಸಿದಾಗ ಮೆಟ್ಟಿಲು ಬಯಲಾಗುತ್ತದೆ. ಹಾಗಾಗಿ ಜೆಪೆಗ್‌ನಿಂದ ಶುರು ಮಾಡಲೇಬೇಡಿ. ಬೆಳಕು ಕಳೆಯುವಾಗ Add dither ಟಿಕ್ ಮಾಡಿ. ಅದು ಬೇಕೆಂದೇ ಚೂರು ನಾಯ್ಸ್ ಸೇರಿಸಿ ಮೆಟ್ಟಿಲಿನ ಅಂಚನ್ನು ಕದಡುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು. ನಾಯ್ಸ್ ರಿಡಕ್ಷನ್ ಜಾಸ್ತಿ ಹಾಕಿದರೆ ಹೋದ ಮೆಟ್ಟಿಲು ವಾಪಸ್ ಬರುತ್ತದೆ. ಫೋಟೋದಲ್ಲಿರುವ ಸಣ್ಣ ಕಾಳು ಕಾಳು ನಾಯ್ಸೇ ಹಂತಗಳನ್ನು ಮರೆಮಾಡಿರುತ್ತದೆ. ನಾನು ಆಕಾಶಕ್ಕೆ ತೀರಾ ಕಡಿಮೆ ಹಾಕುತ್ತೇನೆ. ಫ್ಯಾಮಿಲಿ ಗ್ರೂಪಿಗೆ ಸುಮ್ನೆ ಫೋಟೋ ಎಂದು ಹಾಕಿದರೂ ಇದೇ ಕಥೆ. ಫೈಲ್ ಕುಗ್ಗಿಸುವಾಗ ನಾಯ್ಸ್ ಅಳಿಸಿ ಹೋಗಿ ಮೆಟ್ಟಿಲು ಎದ್ದು ಕಾಣುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇರುವ ಹಾಗೇ ತಲುಪುತ್ತದೆ.

ಬೆಳಕು ಕಳೆದ ಮೇಲೆಯೇ ಚಿತ್ರವನ್ನು ಹಿಗ್ಗಿಸಬೇಕು, ಮೊದಲೇ ಹಿಗ್ಗಿಸಿದರೆ ಕಳೆಯುವ ಲೆಕ್ಕವೇ ತಪ್ಪುತ್ತದೆ. ಅದಕ್ಕೆ ನಾನು Asinh ಬಳಸುತ್ತೇನೆ, ನಕ್ಷತ್ರಗಳ ಬಣ್ಣ ಬಿಳಚಿಕೊಳ್ಳುವುದಿಲ್ಲ.

ಇದರಿಂದ ಆಗದ ಕೆಲಸವೂ ಇದೆ. ಊರಿನ ಬೆಳಕನ್ನು ಕಳೆಯಬಹುದು, ಅದು ತಂದ ನಾಯ್ಸ್ ಕಳೆಯಲು ಆಗುವುದಿಲ್ಲ. ದಿಗಂತದ ಹತ್ತಿರ ಚಿತ್ರ ಮರಳು ಮರಳಾಗಿಯೇ ಇರುತ್ತದೆ, ಅಲ್ಲಿನ ಮಂದ ನಕ್ಷತ್ರ ಅದರಲ್ಲೇ ಮುಚ್ಚಿಹೋಗಿರುತ್ತದೆ. ಒಂದೇ ಜಾಗದ ಹಲವು ಫೋಟೋ ತೆಗೆದು ಸ್ಟ್ಯಾಕ್ ಮಾಡಿದರೆ ಮಾತ್ರ ಅದು ತಗ್ಗುತ್ತದೆ. ರಾ ಫೈಲ್‌ನಲ್ಲೇ ಕೆಂಪು ಚಾನೆಲ್ ತುಂಬಿ ಹರಿದಿದ್ದರೆ ಸಿರಿಲ್ ಸಹ ಏನೂ ಮಾಡಲಾರದು, ಅಲ್ಲಿ ಕಳೆಯಲು ಏರಿಳಿತವೇ ಉಳಿದಿರುವುದಿಲ್ಲ. ಸಕಲೇಶಪುರದ ಕಡೆ ಕ್ಯಾಮೆರಾ ತಿರುಗಿಸಿದಾಗ ಹಿಸ್ಟೋಗ್ರಾಂನ ಕೆಂಪು ಗೆರೆ ಬಲ ಅಂಚಿಗೆ ಅಂಟಿದ್ದರೆ ಐಎಸ್‌ಒ 3200ರಿಂದ 1600ಕ್ಕೆ ಇಳಿಸಿ ಇನ್ನೊಮ್ಮೆ ತೆಗೆಯಿರಿ.